2.9 ಆದಮೇಲೆ 2.10 ಯಾಕೆ?

ಮೊಬೈಲಿನಲ್ಲಿರುವ ಆ್ಯಪ್ 2.9ರಿಂದ 2.10ಕ್ಕೆ ಅಪ್‌ಡೇಟ್ ಆದರೆ ಕೆಲವರಿಗೆ ಗೊಂದಲ. ಶಾಲೆಯ ಲೆಕ್ಕದಲ್ಲಿ 2.10 ಚಿಕ್ಕದಲ್ಲವೇ? ಆದರೆ ಈ ಚುಕ್ಕಿ ದಶಮಾಂಶದ್ದಲ್ಲ, ಎರಡು ಬೇರೆ ಎಣಿಕೆಗಳ ನಡುವಿನ ಗೆರೆ. ಒಂಬತ್ತಾದ ಮೇಲೆ ಹತ್ತು, ಅಷ್ಟೇ.

ಇದು ವರ್ಷನ್ ನಂಬರ್, ಬಳಸುವವರ ಕಣ್ಣಿಗೆ ಬೀಳಲೆಂದೇ ಇರುವುದು. ಇದರ ಬೆನ್ನಿಗೆ ಬಿಲ್ಡ್ ನಂಬರ್ ಎಂಬ ಇನ್ನೊಂದಿದೆ. ಆಂಡ್ರಾಯ್ಡ್ ಆ್ಯಪ್ ಬರೆಯುವವರು ಎರಡನ್ನೂ ಹೀಗೆ ನಮೂದಿಸುತ್ತಾರೆ:

```
versionCode = 47
versionName = "2.10"
```

ಎರಡನೆಯ ಸಾಲಿನಲ್ಲಿ "ಯುಗಾದಿ" ಎಂದು ಬರೆದರೂ ಫೋನಿಗೆ ಚಿಂತೆಯಿಲ್ಲ. ಯಾವುದು ಹೊಸದು ಎಂದು ಅದು ತೀರ್ಮಾನಿಸುವುದು ಮೊದಲ ಸಾಲಿನಿಂದ. ಪ್ಲೇ ಸ್ಟೋರ್‌ಗೆ ಪ್ರತಿ ಸಲ ಹಿಂದಿನದಕ್ಕಿಂತ ದೊಡ್ಡ ಸಂಖ್ಯೆಯನ್ನೇ ಕೊಡಬೇಕು.

ಒಂದೇ 2.10 ಅನ್ನು ಬಿಡುಗಡೆಗೆ ಮೊದಲು ಮೂರು ಸಲ ಕಟ್ಟಿದರು ಎನ್ನಿ: ಪರೀಕ್ಷೆಗೆ 45 ಮತ್ತು 46, ಜನರಿಗೆ 47. "ರಶೀದಿ ತೆರೆದರೆ ಆ್ಯಪ್ ಮುಚ್ಚಿಹೋಗುತ್ತೆ, ನನ್ನದು 2.10" ಎಂದು ಒಬ್ಬರು ದೂರುತ್ತಾರೆ. ಆ ದೋಷ 47ರಲ್ಲಿ ಸರಿಯಾಗಿದೆ, ಅವರ ಫೋನಿನಲ್ಲಿ ಉಳಿದಿರುವುದು 46. ವರ್ಷನ್ ಮಾತ್ರ ಕೇಳಿದವರು ಇಲ್ಲದ ದೋಷವನ್ನು ದಿನವಿಡೀ ಹುಡುಕುತ್ತಾರೆ. ಆ್ಯಪಿನ ಮಾಹಿತಿ ಪುಟದಲ್ಲಿ "2.10 (47)" ಎಂದು ಎರಡನ್ನೂ ತೋರಿಸಿದರೆ ಈ ಪಾಡಿಲ್ಲ.

ಬಿಲ್ಡ್ ನಂಬರಿಗೆ ದಿನಾಂಕವನ್ನೇ ಬಳಸುವ ಜಾಣತನವೂ ಉಂಟು. ವರ್ಷದ ಕೊನೆಯ ಎರಡಂಕಿ, ತಿಂಗಳು, ದಿನ, ಗಂಟೆ, ನಿಮಿಷ ಜೋಡಿಸಿದರೆ 2020ರ ಡಿಸೆಂಬರ್ 31ರ ಮಧ್ಯಾಹ್ನಕ್ಕೆ 2012311200. ಮರುದಿನ ಅದು 2101011200. ಪ್ಲೇ ಸ್ಟೋರ್ ಒಪ್ಪುವ ಗರಿಷ್ಠ 2100000000! ಹೊಸ ವರ್ಷದ ಅಪ್‌ಡೇಟ್ ಬಾಗಿಲಲ್ಲೇ ವಾಪಸ್. ಸಂಖ್ಯೆ ಇಳಿಸುವಂತೆಯೂ ಇಲ್ಲ. ದಿನಾಂಕ ಬಿಟ್ಟು, ಹಳೆಯದಕ್ಕೆ ಒಂದೊಂದೇ ಕೂಡಿಸುತ್ತ ಹೋಗುವುದೇ ದಾರಿ. ಮೊದಲಿನಿಂದ ಹಾಗೆ ಮಾಡಿದ್ದರೆ ಏನಾಗುತ್ತಿತ್ತೋ!

ಇನ್ನು "ಹೊಸದೇನಿದೆ" ಎಂಬ ಟಿಪ್ಪಣಿ. ಪ್ಲೇ ಸ್ಟೋರ್ ಇದಕ್ಕೆ ಪ್ರತಿ ಭಾಷೆಗೂ 500 ಅಕ್ಷರಗಳ ಜಾಗ ಕೊಡುತ್ತದೆ. ಅಲ್ಲಿ ಬಹುಪಾಲು ಕಾಣುವುದು "ದೋಷ ನಿವಾರಣೆ ಮತ್ತು ಇತರ ಸುಧಾರಣೆಗಳು". ಯಾರೂ ಓದುವುದಿಲ್ಲ, ಓದಲು ಅದರಲ್ಲಿ ಏನೂ ಇಲ್ಲ. ಪ್ರೋಗ್ರಾಮರ್ ತನಗಾಗಿ ಬರೆದಿಟ್ಟ ಪಟ್ಟಿಯನ್ನು ತಂದು ಸುರಿಯುವುದು ಇದರ ಇನ್ನೊಂದು ತುದಿ. ನಮ್ಮ 2.10ಕ್ಕೆ ಹೀಗೆ ಬರೆಯಬಹುದು:

"ಹಳೆಯ ರಶೀದಿ ತೆರೆದಾಗ ಆ್ಯಪ್ ಮುಚ್ಚಿಹೋಗುತ್ತಿದ್ದುದು ಸರಿಯಾಗಿದೆ. ರಶೀದಿಗಳನ್ನು ಈಗ ತಿಂಗಳವಾರು ಹುಡುಕಬಹುದು. ಅಪ್‌ಡೇಟ್ ಆದಮೇಲೆ ಒಮ್ಮೆ ಮತ್ತೆ ಲಾಗಿನ್ ಆಗಬೇಕು. ಪ್ರಿಂಟ್ ತೊಂದರೆ ಇನ್ನೂ ಸರಿಯಾಗಿಲ್ಲ."

ಜನರನ್ನು ಕಾಡಿದ್ದು ಮೊದಲ ಸಾಲಿಗೆ ಬಂತು, ಅವರು ಮಾಡಬೇಕಾದದ್ದು ಮುಚ್ಚುಮರೆಯಿಲ್ಲದೆ ಬಂತು. ಕೊನೆಯ ವಾಕ್ಯಕ್ಕೆ ಕಂಪನಿಗಳು ಹಿಂಜರಿಯುತ್ತವೆ, ನನಗಂತೂ ಅದೇ ಅತಿ ಮುಖ್ಯ. ಅದನ್ನು ಓದಿದವರು ಪ್ರಿಂಟ್ ಬಗ್ಗೆ ಮತ್ತೆ ಫೋನ್ ಮಾಡುವುದಿಲ್ಲ. ಮುಂದಿನ ಸಲ ನೀವು ದೂರು ಕೊಡುವಾಗ ಮಾಹಿತಿ ಪುಟ ತೆರೆದು ಎರಡೂ ಸಂಖ್ಯೆ ಬರೆದು ಕಳಿಸಿ.