ಹೆಸರು ಹೇಳುವ ಹೊತ್ತಿನ ಉಗ್ಗು

ತರಬೇತಿಯ ಮೊದಲ ದಿನ. ಮೂವತ್ತು ಜನ ಸಾಲಾಗಿ ಕೂತಿದ್ದಾರೆ. ‘ಒಬ್ಬೊಬ್ಬರಾಗಿ ಪರಿಚಯ ಮಾಡಿಕೊಳ್ಳಿ’ ಎಂದು ಮೇಷ್ಟ್ರು ಹೇಳಿದ ಕೂಡಲೇ, ಉಗ್ಗು ಇರುವವರು ತಮಗಿಂತ ಮೊದಲು ಎಷ್ಟು ಜನ ಮಾತಾಡಬೇಕಿದೆ ಎಂದು ಎಣಿಸತೊಡಗುತ್ತಾರೆ. ಉಳಿದವರು ಏನು ಹೇಳಿದರು ಎನ್ನುವುದು ಅವರ ಕಿವಿಗೆ ಬೀಳುವುದೇ ಇಲ್ಲ. ಸರದಿ ಹತ್ತಿರ ಬಂದಂತೆ ಎದೆ ಹೊಡೆದುಕೊಳ್ಳುತ್ತದೆ, ಗಂಟಲು ಬಿಗಿಯುತ್ತದೆ. ಗೆಳೆಯರ ಜೊತೆ ಗಂಟೆಗಟ್ಟಲೆ ಹರಟುವಾಗ ಅಷ್ಟಾಗಿ ಕಾಣದ ಉಗ್ಗು, ತಮ್ಮದೇ ಹೆಸರು ಹೇಳುವಾಗ ಗಟ್ಟಿಯಾಗಿ ಹಿಡಿದು ನಿಲ್ಲಿಸಿಬಿಡುತ್ತದೆ.

ವಯಸ್ಕರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಉಗ್ಗು ಇರುತ್ತದೆ. ಅಂಜುಬುರುಕತನದಿಂದಲೋ ಬುದ್ಧಿ ಕಡಿಮೆ ಇರುವುದರಿಂದಲೋ ಅದು ಬರುವುದಿಲ್ಲ. ಮಾತಿನ ಚಲನೆಗಳನ್ನು ಮಿದುಳು ಹೊಂದಿಸುವ ಬಗೆಯಲ್ಲೇ ವ್ಯತ್ಯಾಸವಿರುತ್ತದೆ, ವಂಶದ ಪಾಲೂ ಅದರಲ್ಲಿದೆ. ಭಯ ಉಗ್ಗನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಹೆಚ್ಚಿಸುತ್ತದೆ. ಆ ಭಯಕ್ಕೆ ಹೆಸರಿನಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಬೇರೆ ಯಾವ ಪದವಾದರೂ ಬಾಯಿಗೆ ಬರದಿದ್ದಾಗ ಇನ್ನೊಂದನ್ನು ತಂದುಕೊಳ್ಳಬಹುದು, ಹೆಸರಿಗೆ ಬದಲಿ ಪದವಿಲ್ಲ. ತನ್ನ ಹೆಸರನ್ನು ಯಾರೂ ಯೋಚಿಸಿ ಹೇಳುವುದಿಲ್ಲವಾದ್ದರಿಂದ ಅರೆಗಳಿಗೆ ತಡವಾದರೂ ಕೇಳುವವರ ಹುಬ್ಬು ಏರುತ್ತದೆ. ಇದು ಗೊತ್ತಿರುವುದರಿಂದಲೇ ಗಂಟಲು ಇನ್ನಷ್ಟು ಬಿಗಿಯುತ್ತದೆ.

ಉಗ್ಗು ಎಲ್ಲ ಪದಗಳ ಮೇಲೂ ಸಮನಾಗಿ ಬೀಳುವುದಿಲ್ಲ. ಅಮೆರಿಕದ ಸ್ಪೆನ್ಸರ್ ಬ್ರೌನ್ ಎಂಬ ಸಂಶೋಧಕರು ವಯಸ್ಕರ ಮಾತನ್ನು ಪರೀಕ್ಷಿಸಿ 1945ರಲ್ಲಿ ಹೇಳಿದ್ದು ಇಂದಿಗೂ ಉಪಯುಕ್ತ: ವಾಕ್ಯದ ಮೊದಲ ಪದಗಳಲ್ಲಿ, ಉದ್ದ ಪದಗಳಲ್ಲಿ, ವ್ಯಂಜನದಿಂದ ಶುರುವಾಗುವ ಪದಗಳಲ್ಲಿ, ಅರ್ಥದ ಭಾರ ಹೊತ್ತ ಪದಗಳಲ್ಲಿ ಉಗ್ಗು ಹೆಚ್ಚು. ಅವರು ಗಮನಿಸಿದ್ದು ಇಂಗ್ಲಿಷ್ ಮಾತನ್ನು. ಆದರೆ ಸಾಲಿನಲ್ಲಿ ಎದ್ದು ನಿಂತು ‘ಪ್ರಕಾಶ’ ಎಂದಷ್ಟೇ ಹೇಳಬೇಕಾದವನ ಪಾಡು ನೋಡಿ. ಮಾತಿನ ಮೊದಲ ಪದವೂ ಅದೇ, ಒತ್ತಕ್ಷರದ ವ್ಯಂಜನದಿಂದ ಶುರುವಾಗುವುದೂ ಅದೇ, ಎಲ್ಲರೂ ಕಾಯುತ್ತಿರುವುದೂ ಅದಕ್ಕೇ.

ಈ ಪ್ರಕಾಶನನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಊರು ಕೊಪ್ಪಳ, ಓದಿದ್ದು ಬಿ.ಕಾಂ., ಎರಡು ವರ್ಷದಿಂದ ಒಂದು ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಾನೆ. ಅವನನ್ನು ಕಾಡುವುದು ಪ, ಬ, ಕ. ಮೊದಲೆರಡಕ್ಕೆ ತುಟಿ ಪೂರ್ತಿ ಮುಚ್ಚಬೇಕು, ಮೂರನೆಯದಕ್ಕೆ ನಾಲಿಗೆಯ ಹಿಂಭಾಗ ಅಂಗಳಕ್ಕೆ ತಾಗಬೇಕು. ಅಂದರೆ ಮೂರರಲ್ಲೂ ಉಸಿರಿನ ದಾರಿ ಕ್ಷಣಕಾಲ ಮುಚ್ಚಿ ತೆರೆಯಬೇಕು. ಅವನಿಗೆ ಮುಚ್ಚಿದ್ದು ತೆರೆಯುವುದಿಲ್ಲ.

ಇಷ್ಟು ದಿನ ಅವನು ಮಾಡಿಕೊಂಡು ಬಂದ ಉಪಾಯ ಪದ ತಪ್ಪಿಸುವುದು. ಕೊಪ್ಪಳ ಎನ್ನುವ ಬದಲು ‘ಉತ್ತರ ಕರ್ನಾಟಕದ ಕಡೆ’, ಬಿ.ಕಾಂ. ಎನ್ನುವ ಬದಲು ‘ಡಿಗ್ರಿ ಆಗಿದೆ’. ಆ ಕ್ಷಣಕ್ಕೆ ಬಚಾವಾಗುತ್ತಾನೆ. ಆದರೆ ಸಂದರ್ಶನದಲ್ಲಿ ಎದುರಿಗೆ ಕೂತವರು ‘ಆ ಕಡೆ ಅಂದ್ರೆ ಯಾವೂರು?’ ಎಂದು ಕೇಳಿಯೇ ಕೇಳುತ್ತಾರೆ. ಈಗ ಕೊಪ್ಪಳ ಎನ್ನುವ ಪದವನ್ನು ಒಂಟಿಯಾಗಿ, ಮಾತಿನ ಆರಂಭದಲ್ಲೇ, ಉತ್ತರಕ್ಕೆ ಕಾಯುತ್ತಿರುವವರ ಮುಂದೆ ಹೇಳಬೇಕು. ತಪ್ಪಿಸಿಕೊಂಡ ಪದವೇ ಇನ್ನೂ ಕಷ್ಟದ ಜಾಗದಲ್ಲಿ ಬಂದು ನಿಂತಿತು. ಇದರ ಜೊತೆಗೆ, ಹುಡುಗ ಏನೋ ಮುಚ್ಚಿಡುತ್ತಿದ್ದಾನೆ ಎಂಬ ಅನುಮಾನವೂ ಎದುರಿನವರಿಗೆ ಬಂದಿರುತ್ತದೆ.

ಹೀಗೆ ತಪ್ಪಿಸುವುದು ವರ್ಷಗಟ್ಟಲೆ ನಡೆದರೆ ಹೊರಗೆ ಉಗ್ಗು ಕಾಣದಷ್ಟು ನಯವಾಗಬಹುದು. ಮನೆಯವರಿಗೂ ಗೊತ್ತಾಗದಂತೆ ಬದುಕುವವರಿದ್ದಾರೆ. ಆದರೆ ಒಳಗೆ ಪ್ರತಿ ವಾಕ್ಯಕ್ಕೂ ಮುಂಚೆ ಪದಗಳ ಹುಡುಕಾಟ ನಡೆದಿರುತ್ತದೆ. ಕಷ್ಟದ ಪದಗಳ ಪಟ್ಟಿ ಬೆಳೆಯುತ್ತಲೇ ಹೋಗಿ, ನಿನ್ನೆ ಬದಲಿಗೆ ತಂದ ಪದವೇ ಇವತ್ತು ಭಯದ ಪದವಾಗುತ್ತದೆ. ಕೆಲವರು ಕೊನೆಗೆ ಬೇರೆಯೇ ಹೆಸರು ಹೇಳಿಬಿಡುತ್ತಾರೆ.

ಹಾಗಾದರೆ ಮಾತನ್ನು ಬೇರೆ ರೀತಿ ಕಟ್ಟುವುದೇ ತಪ್ಪೇ? ಅಲ್ಲ. ಆರನೆಯ ಜಾರ್ಜ್ ದೊರೆ 1939ರ ಸೆಪ್ಟೆಂಬರ್ 3ರಂದು ಯುದ್ಧದ ಸುದ್ದಿ ಹೇಳಲು ರೇಡಿಯೋ ಮುಂದೆ ನಿಂತಾಗ, ಅವನ ವಾಕ್ ಶಿಕ್ಷಕ ಲಯೊನೆಲ್ ಲೋಗ್ ಬರೆದ ಭಾಷಣವನ್ನು ಮೊದಲೇ ತಿದ್ದಿ, ಎಲ್ಲಿ ನಿಲ್ಲಬೇಕೆಂದು ಗುರುತು ಹಾಕಿಕೊಟ್ಟಿದ್ದ. ಗೆರೆ ಎಳೆಯಬೇಕಾದ ಜಾಗ ನನ್ನ ಮಟ್ಟಿಗೆ ಇದು: ಬದಲಾವಣೆಯಿಂದ ಮಾಹಿತಿಯೇ ಮಾಯವಾದರೆ ಅದು ತಪ್ಪಿಸಿಕೊಳ್ಳುವುದು. ಮಾಹಿತಿ ಹಾಗೇ ಉಳಿದು, ಕಷ್ಟದ ಪದ ಸುಲಭದ ಜಾಗಕ್ಕೆ ಸರಿದರೆ ಅದು ಒಳ್ಳೆಯ ವಾಕ್ಯರಚನೆ.

ಇಲ್ಲಿ ಕನ್ನಡ ನಮ್ಮ ಸಹಾಯಕ್ಕೆ ಬರುತ್ತದೆ. ನಮ್ಮ ಪದಗಳು ಬಹುತೇಕ ಸ್ವರದಿಂದ ಮುಗಿಯುತ್ತವೆ, ಪದಗಳ ಕ್ರಮವನ್ನೂ ಸಾಕಷ್ಟು ಅತ್ತಿತ್ತ ಮಾಡಬಹುದು. ಪ್ರಕಾಶನ ಪರಿಚಯವನ್ನು ಹೀಗೆ ಕಟ್ಟಬಹುದು:

‘ಎಲ್ಲರಿಗೂ ನಮಸ್ಕಾರ. ನನ್ನ ಹೆಸರು ಪ್ರಕಾಶ. ನಮ್ಮೂರು ಕೊಪ್ಪಳ. ಅಲ್ಲೇ ಓದಿದ್ದು, ಬಿ.ಕಾಂ. ಆಗಿದೆ. ಎರಡು ವರ್ಷದಿಂದ ಅಂಗಡಿಯೊಂದರ ಲೆಕ್ಕಪತ್ರ ನೋಡ್ಕೊಳ್ತಿದ್ದೀನಿ.’

ಒಂದು ಮಾಹಿತಿಯೂ ಬಿಟ್ಟುಹೋಗಿಲ್ಲ. ಆದರೆ ಯಾವ ವಾಕ್ಯವೂ ಪ, ಬ, ಕ ಇಂದ ಶುರುವಾಗುವುದಿಲ್ಲ. ‘ಎಲ್ಲರಿಗೂ’, ‘ಅಲ್ಲೇ’, ‘ಎರಡು’ ಸ್ವರದಿಂದ ಏಳುತ್ತವೆ. ‘ನನ್ನ’, ‘ನಮ್ಮೂರು’ ಇವುಗಳಲ್ಲಿ ಮೂಗಿನಿಂದ ಗಾಳಿ ಹೋಗುತ್ತಿರುವುದರಿಂದ ಧ್ವನಿ ಎಲ್ಲೂ ಕಡಿಯುವುದಿಲ್ಲ. ಮುಖ್ಯವಾದದ್ದು ‘ಹೆಸರು’ ಪದದ ಕೊನೆಯ ಉಕಾರ. ಅಲ್ಲಿ ನಿಲ್ಲದೆ ‘ಹೆಸರುಪ್ರಕಾಶ’ ಎಂದು ಒಂದೇ ಪದದಂತೆ ಹರಿಯಬಿಟ್ಟರೆ, ಉಕಾರಕ್ಕೆ ದುಂಡಗಾದ ತುಟಿಗಳು ಪಕಾರಕ್ಕೆ ಮೆಲ್ಲಗೆ ತಾಗಿ ಬಿಡುತ್ತವೆ. ‘ನಮ್ಮೂರು ಕೊಪ್ಪಳ’ದಲ್ಲೂ ಹಾಗೆಯೇ.

ನಮ್ಮಲ್ಲಿ ಇನ್ನೊಂದು ಅನುಕೂಲವಿದೆ, ಇನಿಷಿಯಲ್. ‘ಎಚ್.ಎಂ. ಪ್ರಕಾಶ’ ಎಂದು ಹೇಳುವುದು ಕರ್ನಾಟಕದಲ್ಲಿ ಯಾರಿಗೂ ವಿಚಿತ್ರ ಎನಿಸುವುದಿಲ್ಲ. ಸ್ವರದಿಂದ ಶುರುವಾದದ್ದು ಹೆಸರಿಗೆ ಬರುವಷ್ಟರಲ್ಲಿ ಚಲನೆಯಲ್ಲಿರುತ್ತದೆ. ‘ಎಂ’ ಮುಗಿಯುವಾಗ ತುಟಿ ಮುಚ್ಚಿರುತ್ತದೆ, ಅಲ್ಲಿಂದಲೇ ಪಕಾರ ಹೊರಡುತ್ತದೆ. ಆದರೆ ಕೆಲವರು ಆ ಮುಚ್ಚಿದ ತುಟಿಯನ್ನೇ ಒತ್ತಿ ಹಿಡಿದುಬಿಡುತ್ತಾರೆ. ಒಬ್ಬರಿಗೆ ಸುಲಭವಾದ ಅಕ್ಷರ ಇನ್ನೊಬ್ಬರಿಗೆ ಕಲ್ಲು. ‘ನನ್ನ’ ಎಂದೊಡನೆ ಮುಂದೆ ಹೆಸರು ಬರುತ್ತದೆ ಎಂದು ಮನಸ್ಸಿಗೆ ಗೊತ್ತಿರುವುದರಿಂದ ‘ನ’ಕಾರವೇ ಕಷ್ಟವಾದವರೂ ಇದ್ದಾರೆ. ಅವರವರ ವಾಕ್ಯ ಅವರವರೇ ಹೇಳಿ ನೋಡಿ ಆರಿಸಿಕೊಳ್ಳಬೇಕು.

ಇನ್ನು ಗತಿ. ನಿಧಾನವಾಗಿ ಮಾತಾಡು ಎನ್ನುವ ಸಲಹೆಯನ್ನು ಉಗ್ಗು ಇರುವವರು ಹುಟ್ಟಿದಾಗಿನಿಂದ ಕೇಳಿದ್ದಾರೆ, ಅದರಿಂದ ಆಗುವ ಪ್ರಯೋಜನ ಕಡಿಮೆ. ಪ್ರತಿ ಪದವನ್ನೂ ಬಿಡಿಬಿಡಿಯಾಗಿ ಹೇಳಿದರೆ ಪ್ರತಿ ಪದವೂ ಹೊಸ ಆರಂಭವಾಗುತ್ತದೆ. ಉಗ್ಗು ಹಿಡಿಯುವುದೇ ಆರಂಭದಲ್ಲಿ. ಬದಲಿಗೆ ಎರಡು ಮೂರು ಪದಗಳ ಒಂದು ತುಣುಕನ್ನು ಒಂದೇ ಉಸಿರಿನಲ್ಲಿ ಹೇಳಿ, ತುಣುಕಿನ ಕೊನೆಗೆ ನಿಲ್ಲಬೇಕು. ಎಲ್ಲಿ ನಿಲ್ಲುತ್ತೇವೆ ಎನ್ನುವುದರಲ್ಲೇ ಎಲ್ಲ ಇದೆ. ಹೆಚ್ಚಿನವರು ‘ನನ್ನ ಹೆಸರು’ ಎಂದು ಹೇಳಿ, ಅಲ್ಲಿ ನಿಂತು, ಶಕ್ತಿ ಕೂಡಿಸಿಕೊಂಡು ಹೆಸರಿಗೆ ನುಗ್ಗುತ್ತಾರೆ. ಆ ನಿಲುಗಡೆಯಲ್ಲೇ ಗಂಟಲು ಮುಚ್ಚುತ್ತದೆ. ನಿಲ್ಲಬೇಕಾದದ್ದು ‘ನಮಸ್ಕಾರ’ ಆದ ಮೇಲೆ, ಮತ್ತೆ ‘ಪ್ರಕಾಶ’ ಆದ ಮೇಲೆ. ನಡುವೆ ಅಲ್ಲ. ಉಸಿರೂ ಅಷ್ಟೆ: ಎದೆ ತುಂಬ ಎಳೆದು ಹಿಡಿದಿಟ್ಟರೆ ಧ್ವನಿಪೆಟ್ಟಿಗೆ ಬಿಗಿಯುತ್ತದೆ. ಮಾಮೂಲಿ ಉಸಿರು ತೆಗೆದುಕೊಂಡು, ಅದು ಹೊರಬರಲು ಶುರುವಾದ ಕೂಡಲೇ ಅದರ ಜೊತೆಗೆ ಮಾತು ಬಿಡಬೇಕು.

‘ಅಂದ್ರೆ’, ‘ಮತ್ತೆ’, ‘ಏನಂದ್ರೆ’ ಎಂದು ಸೇರಿಸಿಕೊಂಡು ಪದಕ್ಕೆ ಓಡುವ ಅಭ್ಯಾಸದ ಬಗ್ಗೆ ಎಚ್ಚರಿಕೆ ಬೇಕು. ಮೊದಲು ಒಂದು ‘ಅಂದ್ರೆ’ ಸಾಕಾಗುತ್ತದೆ, ಆಮೇಲೆ ಮೂರು ಬೇಕಾಗುತ್ತವೆ, ಕೊನೆಗೆ ಅದೇ ಉಗ್ಗಿನ ಭಾಗವಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಹೆಸರು ಸಿಕ್ಕಿಕೊಂಡೇ ಸಿಕ್ಕಿಕೊಳ್ಳುತ್ತದೆ. ಅದಕ್ಕೂ ತಯಾರಿ ಬೇಕು. ಸ್ವತಃ ಉಗ್ಗುತ್ತಿದ್ದ ಅಮೆರಿಕದ ವಾಕ್ ತಜ್ಞ ಚಾರ್ಲ್ಸ್ ವ್ಯಾನ್ ರೈಪರ್ ಕಲಿಸಿದ್ದು ಇದನ್ನೇ. ತುಟಿ ಬಿಗಿದು ನಿಂತಾಗ ಇನ್ನಷ್ಟು ಒತ್ತಬೇಡಿ, ಹಿಂದಕ್ಕೆ ಹೋಗಿ ಮತ್ತೆ ಶುರುಮಾಡಲೂ ಬೇಡಿ. ಬಿಗಿತ ಎಲ್ಲಿದೆ ಎಂದು ಗಮನಿಸಿ, ಅದನ್ನು ಮೆಲ್ಲಗೆ ಸಡಿಲಿಸುತ್ತ ಅಲ್ಲಿಂದಲೇ ಉಳಿದ ಅಕ್ಷರಗಳಿಗೆ ಜಾರಿಕೊಳ್ಳಿ. ಅದೂ ಆಗದೆ ಪದ ತಡವರಿಸಿಕೊಂಡೇ ಮುಗಿದರೆ, ಎರಡು ಮೂರು ಸೆಕೆಂಡು ನಿಂತು, ‘ಪ್ರಕಾಶ’ ಎಂದು ಇನ್ನೊಮ್ಮೆ ತುಟಿ ಸೋಕಿಸಿಯೂ ಸೋಕಿಸದಂತೆ ಹೇಳಿ. ಹೆಸರನ್ನು ಎರಡು ಸಲ ಹೇಳುವುದು ಯಾರಿಗೂ ಅಸಹಜವಾಗಿ ಕೇಳುವುದಿಲ್ಲ.

ನನ್ನನ್ನು ಕೇಳಿದರೆ, ಉಳಿದೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಒಂದು ವಾಕ್ಯ: ‘ನನಗೆ ಉಗ್ಗು ಇದೆ, ಕೆಲವು ಪದಕ್ಕೆ ಸ್ವಲ್ಪ ಸಮಯ ಹಿಡಿಯುತ್ತೆ.’ ಮುಚ್ಚಿಡಲು ಏನೂ ಉಳಿಯದಾಗ ಬಿಗಿತದ ದೊಡ್ಡ ಪಾಲು ಇಳಿದುಹೋಗುತ್ತದೆ. ಆದರೆ ‘ದಯವಿಟ್ಟು ಕ್ಷಮಿಸಿ’ ಎಂದು ಸೇರಿಸಬೇಡಿ. ಕ್ಷಮೆ ಕೇಳುತ್ತ ಹೇಳುವವರಿಗಿಂತ ಇದ್ದದ್ದನ್ನು ಇದ್ದ ಹಾಗೆ ಹೇಳುವವರ ಬಗ್ಗೆ ಕೇಳುಗರಿಗೆ ಒಳ್ಳೆಯ ಅಭಿಪ್ರಾಯ ಮೂಡುತ್ತದೆ ಎಂದು ಈ ಬಗ್ಗೆ ನಡೆದ ಅಧ್ಯಯನಗಳೂ ಹೇಳಿವೆ.

ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುವುದನ್ನು ಹಲವರು ಹೇಳಿಕೊಡುತ್ತಾರೆ. ಒಬ್ಬರೇ ಇರುವಾಗ ಉಗ್ಗು ಇರುವವರಲ್ಲಿ ಬಹುತೇಕರು ಸರಾಗವಾಗಿಯೇ ಮಾತಾಡುತ್ತಾರೆ, ಆದ್ದರಿಂದ ಆ ಅಭ್ಯಾಸ ಸಭೆಗೆ ಒದಗುವುದಿಲ್ಲ. ವಾಕ್ಯ ಬಾಯಿಪಾಠವಾಗಲು ಮನೆ ಸಾಕು, ಆಮೇಲೆ ಕೇಳುವ ಕಿವಿ ಬೇಕು. ಮೊದಲು ಒಬ್ಬ ಗೆಳೆಯ, ಆಮೇಲೆ ಕಸ್ಟಮರ್ ಕೇರ್‌ಗೆ ಫೋನು, ಆಮೇಲೆ ಹೋಟೆಲಿನಲ್ಲಿ ಪಾರ್ಸೆಲ್‌ಗೆ ಹೆಸರು ಬರೆಸುವುದು, ಆಮೇಲೆ ನಾಲ್ಕೈದು ಜನರ ಗುಂಪು. ಸರದಿಗೆ ಕಾಯುವುದೇ ಕಷ್ಟವಾದವರು ಮೊದಲಿಗರಾಗಿ ಕೈ ಎತ್ತಲಿ. ಒಬ್ಬರಿಂದ ಆಗದಿದ್ದರೆ ಸ್ಪೀಚ್ ಥೆರಪಿಸ್ಟ್ ಬಳಿ ಹೋಗಬಹುದು. 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಕ್ಕಳಿಗೂ ದೊಡ್ಡವರಿಗೂ ಉಗ್ಗಿನ ಚಿಕಿತ್ಸೆ ದೊರೆಯುತ್ತದೆ.

ಪರಿಚಯ ಮಾಡಿಸುವ ಮೇಷ್ಟ್ರುಗಳಿಗೆ, ಸಂದರ್ಶನದ ಮೇಜಿನ ಆ ಕಡೆ ಕೂರುವವರಿಗೆ ನನ್ನದೊಂದು ಕೋರಿಕೆ ಇದೆ. ಸಾಲಿನ ಕ್ರಮ ಬಿಟ್ಟು, ಯಾರು ಬೇಕಾದರೂ ಯಾವಾಗ ಬೇಕಾದರೂ ಎದ್ದು ಹೇಳಲು ಬಿಡಿ. ಯಾರಾದರೂ ‘ಪ್ರ... ಪ್ರ...’ ಎಂದು ನಿಂತರೆ ‘ಪ್ರಸಾದಾ? ಪ್ರದೀಪಾ?’ ಎಂದು ಊಹಿಸಿ ಪೂರ್ತಿ ಮಾಡಬೇಡಿ. ಅವರ ಮುಖ ನೋಡುತ್ತ ಕಾಯಿರಿ, ಹೆಸರು ಬರುತ್ತದೆ.