ಬಿಸಿಲೇ ಇರಲಿಲ್ಲವಲ್ಲ, ಅಣ್ಣಾ?

ಕಳೆದ ಆಗಸ್ಟ್‌ನ ಒಂದು ಶನಿವಾರ, ಸಂಜೆ ಏಳೂವರೆ. ರಾಜ್ಯೋತ್ಸವದ ಕಬಡ್ಡಿ ಪಂದ್ಯಕ್ಕೆ ನಮ್ಮ ಹುಡುಗರು ದುಬೈಯ ಒಂದು ಮೈದಾನದಲ್ಲಿ ಅಭ್ಯಾಸ ಮಾಡುತ್ತಿದ್ದರು. ನಾನು ಆಸ್ಪತ್ರೆಯ ಡ್ಯೂಟಿ ಮುಗಿಸಿ ನೋಡಲು ಹೋಗಿದ್ದೆ. ತಂಡದ ಒಳ್ಳೆಯ ರೈಡರ್ ಒಬ್ಬ ಊರಿಂದ ಬಂದು ಮೂರೇ ದಿನವಾಗಿತ್ತು. ಒಂದು ತಿಂಗಳು ಉಡುಪಿಯ ಮಳೆಯಲ್ಲಿದ್ದು ತೂಕ ಹೆಚ್ಚಿಸಿಕೊಂಡು ಬಂದಿದ್ದ. 60 ಕೆಜಿ ವಿಭಾಗಕ್ಕೆ ಇಳಿಯಬೇಕೆಂದು ಜರ್ಸಿಯ ಒಳಗೆ ಪ್ಲಾಸ್ಟಿಕ್ ಜಾಕೆಟ್ ಹಾಕಿದ್ದ, ನೀರನ್ನೂ ಮುಟ್ಟಿರಲಿಲ್ಲ.

ನಲವತ್ತು ನಿಮಿಷ ಕಳೆದಾಗ ಅವನ ಕಾಲು ಎಡವತೊಡಗಿತು. ತಲೆನೋವು, ವಾಕರಿಕೆ ಎಂದು ಗೆರೆಯ ಆಚೆ ಕುಳಿತ. ಮುಖ ಬಿಳಿಚಿತ್ತು, ಮೈ ಬೆವರಿ ತಣ್ಣಗಿತ್ತು, ನಾಡಿ ಕ್ಷೀಣವಾಗಿ ವೇಗವಾಗಿ ಓಡುತ್ತಿತ್ತು, ಮೀನಖಂಡ ಸೆಳೆದುಕೊಂಡಿತ್ತು. ಇದು ಶಾಖದ ಬಳಲಿಕೆ, ಅಂದರೆ ಹೀಟ್ ಎಕ್ಸಾಸ್ಚನ್.

ನಾನು ಮೊದಲು ಕೇಳಿದ್ದು ಮೂರು ಪ್ರಶ್ನೆ: ಇವತ್ತು ಯಾವ ವಾರ, ನಾವೆಲ್ಲಿದ್ದೇವೆ, ಸ್ಕೋರ್ ಎಷ್ಟು? ಮೂರಕ್ಕೂ ಸರಿಯಾಗಿ ಉತ್ತರಿಸಿದ. ತಡವರಿಸಿದ್ದರೆ, ಅಸಂಬದ್ಧ ಮಾತಾಡಿದ್ದರೆ, ಸಿಟ್ಟಿಗೆದ್ದು ತಳ್ಳಾಡಿದ್ದರೆ ಅದು ಹೀಟ್ ಸ್ಟ್ರೋಕ್ ಎಂದೇ ತಿಳಿಯಬೇಕಿತ್ತು. ಹೀಟ್ ಸ್ಟ್ರೋಕ್ ಆದರೆ ಬೆವರು ನಿಲ್ಲುತ್ತದೆ ಎಂದು ಹಲವರು ನಂಬಿದ್ದಾರೆ. ಆಟ, ದುಡಿಮೆಯಿಂದ ಬರುವ ಸ್ಟ್ರೋಕ್‌ನಲ್ಲಿ ಮೈ ಒದ್ದೆಯಾಗಿಯೇ ಇರಬಹುದು. ಆದ್ದರಿಂದ ಬೆವರನ್ನಲ್ಲ, ಬುದ್ಧಿಯನ್ನು ನೋಡಿ. ಬುದ್ಧಿ ತಪ್ಪಿದೆ ಎನಿಸಿದರೆ 998ಕ್ಕೆ ಕರೆ ಮಾಡಿ. ಆಂಬ್ಯುಲೆನ್ಸ್ ಬರುವವರೆಗೂ ಕಾಯದೆ ಐಸ್ ನೀರು ಸುರಿದು ಮೈ ತಣಿಸಿ. ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಇಳಿದೀತು.

ನಮ್ಮ ಹುಡುಗನನ್ನು ಎಸಿ ಕೋಣೆಗೆ ಒಯ್ದು, ಜಾಕೆಟ್ ಬಿಚ್ಚಿ, ಕಾಲು ಎತ್ತರಕ್ಕಿಟ್ಟು ಮಲಗಿಸಿದೆವು. ಮೈಮೇಲೆ ಒದ್ದೆ ಟವೆಲ್ ಹೊದಿಸಿ, ಕತ್ತು, ಕಂಕುಳಿಗೆ ಐಸ್ ಇಟ್ಟೆವು. ಒಬ್ಬ ಪ್ಯಾರಾಸಿಟಮಾಲ್ ತರಲು ಓಡಿದ, ನಾನು ತಡೆದೆ. ಆ ಮಾತ್ರೆ ಸೋಂಕಿನ ಜ್ವರವನ್ನು ಇಳಿಸುತ್ತದೆ, ಹೊರಗಿನ ಶಾಖದಿಂದ ಏರಿದ ಮೈಬಿಸಿಯನ್ನಲ್ಲ. ಬದಲಿಗೆ ಒಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕುಡಿಸಿದೆವು. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟರಲ್ಲೇ ಕಲಸಬೇಕು. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್. ಗಟ್ಟಿಯಾಗಿ ಕಲಸಿದರೆ ಉಪ್ಪು ಹೆಚ್ಚಾಗಿ ತೊಂದರೆಯೇ ಆಗುತ್ತದೆ. ಅರ್ಧ ಗಂಟೆಯಲ್ಲಿ ಸುಧಾರಿಸಿಕೊಂಡ. ಅಷ್ಟರಲ್ಲಿ ಸುಧಾರಿಸದಿದ್ದರೆ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆವು.

ಎದ್ದು ಕುಳಿತವನೇ ಕೇಳಿದ: "ಬಿಸಿಲೇ ಇರಲಿಲ್ಲವಲ್ಲ ಅಣ್ಣಾ, ಹೇಗಾಯ್ತು?"

ಬೆವರು ಬಂದರೆ ಮೈ ತಣಿಯುವುದಿಲ್ಲ, ಬೆವರು ಆರಿದರೆ ಮಾತ್ರ ತಣಿಯುತ್ತದೆ. ಆಗಸ್ಟ್‌ನಲ್ಲಿ ಸಂಜೆಯಾದರೆ ಇಲ್ಲಿ ಕಡಲಿನ ತೇವ ಗಾಳಿಯಲ್ಲಿ ತುಂಬಿಕೊಳ್ಳುತ್ತದೆ, ಬೆವರು ಆರದೆ ತೊಟ್ಟಿಕ್ಕುತ್ತದೆ. ಹಗಲೆಲ್ಲ ಕಾದ ನೆಲವೂ ಶಾಖ ಬಿಡುತ್ತಿರುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ಇಲ್ಲಿನ ನಿಯಮ ನಮಗೆಲ್ಲ ಗೊತ್ತು. ಹಾಗೆಂದು ಉಳಿದ ಹೊತ್ತೆಲ್ಲ ಆಟಕ್ಕೆ ಸುರಕ್ಷಿತ ಎಂದಲ್ಲ.

ಅಂದಿನಿಂದ ಅಭ್ಯಾಸ ಬೆಳಿಗ್ಗೆ ಐದಕ್ಕೆ ಶುರುವಾಗಿ ಆರೂಕಾಲಿಗೆ ಮುಗಿಯುತ್ತದೆ. ಆಗಲೂ ತೇವ ಇದ್ದೇ ಇರುತ್ತದೆ, ಆದರೆ ಗಾಳಿ, ನೆಲ ಎರಡೂ ದಿನದಲ್ಲೇ ಅತಿ ತಂಪಾಗಿರುವ ಹೊತ್ತು ಅದು. ಹಗಲೆಲ್ಲ ಸೈಟಿನಲ್ಲಿ ದುಡಿದವರು ಅದೇ ಸಂಜೆ ಆಡುವುದನ್ನು ನಿಲ್ಲಿಸಿದ್ದೇವೆ. ರಜೆ ಮುಗಿಸಿ ಬಂದವರಿಗೆ ಮೊದಲ ದಿನ ಅರ್ಧ ಅಭ್ಯಾಸ, ಆಮೇಲೆ ದಿನಾ ಸ್ವಲ್ಪ ಹೆಚ್ಚು. ಮೈ ಶಾಖಕ್ಕೆ ಮತ್ತೆ ಒಗ್ಗಲು ಒಂದೆರಡು ವಾರ ಬೇಕು.

ನೀರಿಗೆ ಹದಿನೈದು ನಿಮಿಷಕ್ಕೊಮ್ಮೆ ಸೀಟಿ ಊದುತ್ತೇವೆ. ಬಾಯಾರಲಿ ಬಿಡಲಿ, ಎಲ್ಲರೂ ಒಂದು ಲೋಟದಷ್ಟು, ಸುಮಾರು 200 ಮಿಲಿ ಕುಡಿಯಬೇಕು. ಆಟಕ್ಕೆ ಮುಂಚೆ, ಆಮೇಲೆ ತೂಕ ನೋಡುತ್ತೇವೆ. ಒಂದು ಕೆಜಿ ಇಳಿದಿದ್ದರೆ ಅದು ಕರಗಿದ ಕೊಬ್ಬಲ್ಲ, ಹೋದ ನೀರು. ಮುಂದಿನ ಕೆಲವು ಗಂಟೆಗಳಲ್ಲಿ ಒಂದರಿಂದ ಒಂದೂವರೆ ಲೀಟರ್ ನಿಧಾನವಾಗಿ ಕುಡಿದು ತುಂಬಿಸಿಕೊಳ್ಳಬೇಕು. ತೂಕ ಇಳಿಸುವ ಪ್ಲಾಸ್ಟಿಕ್ ಜಾಕೆಟ್ ನಮ್ಮ ಅಂಕಣದಲ್ಲಿ ಈಗ ನಿಷಿದ್ಧ. ಬೆವರು ಆರಲು ಇರುವ ಒಂದೇ ದಾರಿಯನ್ನು ಅದು ಮುಚ್ಚುತ್ತದೆ. ತೆಳುವಾದ, ತಿಳಿ ಬಣ್ಣದ, ತೋಳಿಲ್ಲದ ಸಡಿಲ ಬನಿಯನ್ ಸಾಕು. ಕಪ್ಪು ಜರ್ಸಿ ಪಂದ್ಯದ ದಿನಕ್ಕಿರಲಿ.

ಫಾರ್ಮಸಿಯವನಾಗಿ ಇನ್ನೊಂದು ಮಾತು. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರ ಮೈಯಲ್ಲಿ ನೀರು, ಉಪ್ಪು ಬೇಗ ಕಡಿಮೆಯಾಗುತ್ತವೆ. ನಿದ್ದೆ ಬರಿಸುವ ಕೆಲವು ಶೀತದ ಮಾತ್ರೆಗಳು ಬೆವರನ್ನೇ ತಗ್ಗಿಸುತ್ತವೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಆಡುವ ಮೊದಲು ಡಾಕ್ಟರಲ್ಲಿ ಕೇಳಿ, ಕೋಚ್‌ಗೂ ತಿಳಿಸಿ.

ನಮ್ಮ ರೈಡರ್ ನವೆಂಬರಿನಲ್ಲಿ ಆಡಿದ, 65 ಕೆಜಿ ವಿಭಾಗದಲ್ಲಿ.