ಸೀಸೆಯಿಂದ ಮೇಲೇರಿದ ಸೋಂಕು, ಮೊಬೈಲಿಗೆ ಇಳಿದ ಪಾಠ

ಮೂತ್ರದ ನಳಿಕೆಯ ಆರೈಕೆ ಕುರಿತು ಬಳ್ಳಾರಿ ಸೀಮೆಯ ಮನೆಮಂದಿಗೆ ಮೊಬೈಲಿನಲ್ಲಿ ನೋಡುವಂಥ ಪಾಠ ಮಾಡಲು ನಾವು ಕೆಲವರು ಕೂತಾಗ, ಹಳೆಯ ವೈದ್ಯಕೀಯ ಪತ್ರಿಕೆಗಳಲ್ಲಿ ಡ್ಯೂಕ್ಸ್ ಸಿಕ್ಕರು. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ರೋಗಶಾಸ್ತ್ರಜ್ಞ. ಗುದನಾಳದ ಶಸ್ತ್ರಚಿಕಿತ್ಸೆಯಾದವರಿಗೆ ಮೂತ್ರದ ಸೋಂಕು ಏಕೆ ತಗಲುತ್ತದೆ ಎಂದು 1928ರಲ್ಲಿ ಬರೆದವರು. ಆಗ ನಳಿಕೆಯ ತುದಿ ಮಂಚದ ಕೆಳಗಿನ ಬಾಯಿ ತೆರೆದ ಸೀಸೆಗೆ ಇಳಿದಿರುತ್ತಿತ್ತು. ಸೀಸೆಯಲ್ಲಿ ಬೆಳೆದ ಸೂಕ್ಷ್ಮಜೀವಿಗಳು ನಳಿಕೆಯೊಳಗೇ ಮೇಲೇರಿ ಮೂತ್ರಕೋಶ ಸೇರುತ್ತಿದ್ದವು. ದಾರಿಯನ್ನು ಮುಚ್ಚಿಬಿಡಿ ಎಂಬುದೇ ಡ್ಯೂಕ್ಸ್ ಹೇಳಿದ ಪರಿಹಾರ. ಅದು ವಾರ್ಡುಗಳ ರೂಢಿಯಾಗಲು ದಶಕಗಳೇ ಹಿಡಿದವು. 1966ರಲ್ಲಿ ಅಮೆರಿಕದ ಕ್ಯಾಲ್ವಿನ್ ಕುನಿನ್ ಮತ್ತು ಮೆಕಾರ್ಮಕ್ ಮುಚ್ಚಿದ ವ್ಯವಸ್ಥೆಯಿಂದ ಸೋಂಕು ಇಳಿಯುವುದನ್ನು ತೋರಿಸಿದ ಮೇಲೆ ಸೀಸೆ ಹೋಗಿ ಚೀಲ ಬಂತು.

ನಳಿಕೆ ಒಳಗೆ ನಿಲ್ಲುವುದು ತುದಿಯ ಪುಟ್ಟ ಬಲೂನಿನಿಂದ. ಅದಕ್ಕೆ ಸಾಮಾನ್ಯವಾಗಿ 10 ಮಿ.ಲೀ. ಶುದ್ಧೀಕರಿಸಿದ ನೀರು ತುಂಬುತ್ತಾರೆ. 1930ರ ದಶಕದಲ್ಲಿ ಈ ಬಲೂನು ನಳಿಕೆಯ ಪೇಟೆಂಟಿಗೆ ಜಗಳವಾಗಿ, ಹಕ್ಕು ಕಂಪನಿಯೊಂದರ ಪಾಲ್ ರೈಚೆಗೆ ಹೋಯಿತು. ಹೆಸರು ಮಾತ್ರ ವೈದ್ಯ ಫ್ರೆಡರಿಕ್ ಫೋಲಿಯದೇ ಉಳಿಯಿತು. ಮನೆಯವರು ಈ ಬಲೂನಿನ ಬಗ್ಗೆ ತಿಳಿಯಬೇಕಾದದ್ದು ಒಂದೇ: ಬಲೂನಿನ ನೀರು ತೆಗೆಯದೆ ನಳಿಕೆ ಎಳೆದರೆ ಒಳಗೆ ಹರಿದು ರಕ್ತ ಬರುತ್ತದೆ.

ಮೊದಲೆಲ್ಲ ಹಿರಿಯ ಸಿಸ್ಟರ್ ಒಬ್ಬರು ಮಂಚದ ಪಕ್ಕ ನಿಂತು, ರೋಗಿಯ ಮಗನ ಕೈಯಿಂದಲೇ ಚೀಲ ಖಾಲಿ ಮಾಡಿಸಿ ಮನೆಗೆ ಕಳಿಸುತ್ತಿದ್ದರು. ಈಗ ಇಂಗ್ಲಿಷಿನ ಚೀಟಿ ಕೈಗಿಡುವುದೇ ಹೆಚ್ಚು. ನನಗೆ ಸಿಟ್ಟು ಬರುವುದು ಇಲ್ಲೇ.

ನಾವು ಮಾಡಿದ್ದು ಮೂರ್ನಾಲ್ಕು ನಿಮಿಷದ ತುಣುಕುಗಳು, ಪ್ರತಿಯೊಂದರ ಕೊನೆಗೆ ಪುಟ್ಟ ರಸಪ್ರಶ್ನೆ. ಮೊದಲ ಕರಡಿನ ಪ್ರಶ್ನೆ ಹೀಗಿತ್ತು: ಚೀಲ ಎಲ್ಲಿರಬೇಕು? ಮೂತ್ರಕೋಶಕ್ಕಿಂತ ಮೇಲೆ, ಸಮಕ್ಕೆ, ಕೆಳಗೆ. ಪಾಠ ನೋಡದವರೂ ಸರಿ ಉತ್ತರ ಒತ್ತಿದರು. ಎಲ್ಲರೂ ಗೆಲ್ಲುವ ಪ್ರಶ್ನೆಯಿಂದ ಯಾರು ಕಲಿತರು, ಯಾರು ಕಲಿಯಲಿಲ್ಲ ಎಂದು ತಿಳಿಯುವುದಿಲ್ಲ. ಹಾಗಾಗಿ ಅದನ್ನು ಕೈಬಿಟ್ಟು ಹೀಗೆ ಬರೆದೆವು: ತಂದೆಯನ್ನು ತಪಾಸಣೆಗೆಂದು ಸಿರುಗುಪ್ಪದಿಂದ ಬಳ್ಳಾರಿಗೆ ಬಸ್ಸಿನಲ್ಲಿ ಕರೆತರಲು ಹೊರಟಿದ್ದೀರಿ, ಚೀಲ ಅರ್ಧಕ್ಕಿಂತ ಹೆಚ್ಚು ತುಂಬಿದೆ, ಏನು ಮಾಡುತ್ತೀರಿ?

ಉತ್ತರಗಳನ್ನು ಜನ ನಿಜಕ್ಕೂ ಮಾಡುವ ತಪ್ಪುಗಳಿಂದಲೇ ಕಟ್ಟಿದೆವು. ಚೀಲವನ್ನು ತೊಡೆಯ ಮೇಲಿಟ್ಟು ಟವೆಲ್ ಹೊದಿಸುವುದು ಒಂದು. ಅದನ್ನು ಆರಿಸಿದರೆ, ನಿಂತ ಮೂತ್ರ ವಾಪಸ್ ಹರಿಯುತ್ತದೆ ಎಂಬ ವಿವರಣೆ ತಕ್ಷಣ ಬರುತ್ತದೆ. ಇನ್ನೊಂದು, ಚೀಲವನ್ನು ನಳಿಕೆಯಿಂದ ಬೇರ್ಪಡಿಸಿ ತುದಿಗೆ ಬಟ್ಟೆ ಕಟ್ಟುವುದು. ಅಲ್ಲಿಗೆ ಡ್ಯೂಕ್ಸ್ ಮುಚ್ಚಿದ ದಾರಿ ಮತ್ತೆ ತೆರೆಯಿತು. ಮತ್ತೊಂದು, ಇಳಿಯುವವರೆಗೆ ನಳಿಕೆಯನ್ನು ಮಡಚಿ ಬಿಗಿಯುವುದು; ಮೂತ್ರ ಒಳಗೇ ಕಟ್ಟಿಕೊಳ್ಳುತ್ತದೆ. ಸರಿ ಉತ್ತರ: ಹೊರಡುವ ಮುನ್ನ ಕೈ ತೊಳೆದು, ಚೀಲದ ತಳದ ನಲ್ಲಿ ತೆರೆದು, ನಲ್ಲಿಯ ತುದಿ ಪಾತ್ರೆಗೆ ತಾಗದಂತೆ ಖಾಲಿ ಮಾಡಿ, ಮತ್ತೆ ಕೈ ತೊಳೆಯುವುದು, ಬಸ್ಸಿನಲ್ಲಿ ಚೀಲವನ್ನು ಮೊಣಕಾಲಿನ ಕೆಳಗೆ, ನೆಲಕ್ಕೆ ತಾಗದಂತೆ ತೂಗುಬಿಡುವುದು.

ಕಲಿತವರ ಅಭಿಪ್ರಾಯ ಕೇಳುವಲ್ಲಿಯೂ ಹೀಗೆಯೇ ಆಯಿತು. ಪಾಠ ಹೇಗಿತ್ತು ಎಂದರೆ ಎಲ್ಲರೂ ‘ಚಲೋ ಐತ್ರಿ’ ಎಂದರು. ಹೇಳಿದ್ದರಲ್ಲಿ ಮನೆಯಲ್ಲಿ ಮಾಡಲಾಗದ್ದು ಯಾವುದು ಎಂದು ಬದಲಿಸಿ ಕೇಳಿದಾಗ ಕುರುಗೋಡು ಕಡೆಯ ಒಬ್ಬ ಮಗಳು ಹೇಳಿದಳು: “ನಮ್ಮ ಮನ್ಯಾಗ ಮಂಚಾನ ಇಲ್ರಿ. ಅಪ್ಪ ಚಾಪಿ ಮ್ಯಾಲೆ ಮಲಗ್ತಾನ. ಚೀಲ ಎಲ್ಲಿ ತೂಗಹಾಕ್ಲಿ?”

ನಮ್ಮ ಚಿತ್ರಗಳಲ್ಲೆಲ್ಲ ಕಬ್ಬಿಣದ ಮಂಚವಿತ್ತು. ಚಾಪೆಯ ಮೇಲೆ ಮಲಗಿದವರ ಮೂತ್ರಕೋಶವೂ ನೆಲದ ಚೀಲವೂ ಹೆಚ್ಚುಕಮ್ಮಿ ಒಂದೇ ಮಟ್ಟ, ಹಾಗಾದರೆ ಮೂತ್ರ ಸರಿಯಾಗಿ ಇಳಿಯದು. ನವಾರದ ಮಂಚ ಹೊಂದಿಸಿಕೊಳ್ಳುವುದೇ ಒಳ್ಳೆಯದು. ಅಲ್ಲಿಯವರೆಗೆ ದಪ್ಪ ಗಾದಿಗಳನ್ನು ಒಂದರ ಮೇಲೊಂದು ಹಾಸಿ ಮೈ ಎತ್ತರಿಸಿ, ಚೀಲವನ್ನು ನೆಲದ ಮೇಲಲ್ಲ, ತೊಳೆದ ತಗ್ಗು ಬೋಗುಣಿಯಲ್ಲಿ ಮಲಗಿಸಬೇಕು. ಇದನ್ನು ಸೇರಿಸಿ ಆ ತುಣುಕನ್ನು ಮತ್ತೆ ಚಿತ್ರಿಸಿದೆವು. ಮೂರ್ನಾಲ್ಕು ಗಂಟೆ ಚೀಲಕ್ಕೆ ಏನೂ ಬರದಿದ್ದರೆ ನಳಿಕೆ ಮಡಚಿದೆಯೇ, ತೊಡೆಯಡಿ ಸಿಕ್ಕಿದೆಯೇ ನೋಡಿ. ಸರಿಮಾಡಿದ ಮೇಲೂ ಬಾರದೆ ಕಿಬ್ಬೊಟ್ಟೆ ಉಬ್ಬಿ ನೋಯುತ್ತಿದ್ದರೆ, ಅಥವಾ ಚಳಿಜ್ವರ ಬಂದರೆ, ಕಾಯದೆ ಆಸ್ಪತ್ರೆಗೆ ಹೋಗಿ ಎಂಬುದೂ ಅದರಲ್ಲೇ ಸೇರಿತು. ಮೂತ್ರ ಮಬ್ಬಾಗಿರುವುದು, ವಾಸನೆ ಬರುವುದು, ಇವಿಷ್ಟರಿಂದಲೇ ಸೋಂಕೆಂದು ಮಾತ್ರೆ ನುಂಗಿಸಬಾರದು.

ಸರಿ ಉತ್ತರ ಒತ್ತಿದ ಬೆರಳೇ ನಲ್ಲಿಯ ತುದಿಯನ್ನು ಪಾತ್ರೆಯ ಅಂಚಿಗೆ ತಾಗಿಸಬಲ್ಲದು. ಅದು ಯಾವ ಅಂಕದಲ್ಲೂ ಕಾಣುವುದಿಲ್ಲ. ಅದಕ್ಕೇ ಪಾಠದ ಕೊನೆಯ ಹೆಜ್ಜೆ ಮೊಬೈಲಿನಲ್ಲಿಲ್ಲ: ಮನೆಗೆ ಕಳಿಸುವ ಮುನ್ನ, ಆರೈಕೆ ಮಾಡುವವರು ನರ್ಸ್ ಎದುರಿಗೇ ಒಮ್ಮೆ ಚೀಲ ಖಾಲಿ ಮಾಡಿ ತೋರಿಸಬೇಕು, ನರ್ಸ್ ಅದನ್ನು ನೋಡಿ ಸಹಿ ಹಾಕಬೇಕು.